ಸೂರ್ಯನ ಹನ್ನೊಂದು ವರ್ಷದ ಏರಿಳಿತ: ಮುಂದಿನ ಚಕ್ರದ ಸುಳಿವು ಧ್ರುವದಲ್ಲಿದೆ

ಪ್ರಶ್ನೆ: ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಜಾಸ್ತಿ ಆಗಿ ಮತ್ತೆ ಕಡಿಮೆ ಆಗುತ್ತವೆ ಅಂತ ಮಕ್ಕಳಿಗೆ ಪಾಠ ಮಾಡ್ತೀನಿ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಗುರು ಗ್ರಹ ಒಂದು ಸುತ್ತು ಬರೋಕೂ ಹೆಚ್ಚುಕಡಿಮೆ ಅಷ್ಟೇ ವರ್ಷ ಬೇಕಲ್ವಾ, ಅದರ ಸೆಳೆತ ಕಾರಣವೇ? ಮುಂದಿನ ಸಲ ಸೂರ್ಯನ ಅಬ್ಬರ ಎಷ್ಟಿರುತ್ತೆ ಅಂತ ಮೊದಲೇ ಹೇಳೋಕೆ ಆಗುತ್ತಾ? (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಹಾಸನ ಜಿಲ್ಲೆ)

ಉತ್ತರ: ಗುರುವಿನ ವಿಷಯ ಮೊದಲು ಮುಗಿಸಿಬಿಡೋಣ, ಮೇಡಂ. ಮಕ್ಕಳು ಬೋರ್ಡಿನ ಮೇಲೇ ಲೆಕ್ಕ ಹಾಕಿ ನೋಡಬಹುದು. ಸೌರಚಕ್ರಗಳಿಗೆ 1755ರಿಂದ ನಂಬರು ಕೊಡುತ್ತಾ ಬಂದಿದ್ದಾರೆ. ಆ ವರ್ಷ ಒಂದನೇ ಚಕ್ರ ಶುರುವಾಯಿತು. 2019ರ ಡಿಸೆಂಬರಿನಲ್ಲಿ 24ನೆಯದು ಮುಗಿಯಿತು. ಅಂದರೆ ಸುಮಾರು 265 ವರ್ಷದಲ್ಲಿ 24 ಚಕ್ರ, ಸರಾಸರಿ 11 ವರ್ಷ. ಗುರುವಿಗೆ ಒಂದು ಸುತ್ತಿಗೆ 11.86 ವರ್ಷ ಬೇಕು. ಅದೇ 265 ವರ್ಷದಲ್ಲಿ ಅದು ಸುತ್ತಿದ್ದು 22 ಸಲಕ್ಕಿಂತ ತುಸು ಜಾಸ್ತಿ, ಅಷ್ಟೇ. ಎರಡು ಸುತ್ತು ಹಿಂದೆ ಬಿದ್ದಿದೆ. ಕಲೆಗಳಿಗೆ ಗುರುವೇ ಕಾರಣವಾಗಿದ್ದರೆ ಹೀಗೆ ತಾಳ ತಪ್ಪುವಂತಿಲ್ಲ. ಇನ್ನೊಂದು ವಿಷಯ ಇದೆ. ಗುರುವಿನ ಸುತ್ತು ಪ್ರತಿಸಲವೂ ಅಷ್ಟೇ ವರ್ಷ, ಹೆಚ್ಚುಕಡಿಮೆ ಆಗುವುದಿಲ್ಲ. ಸೌರಚಕ್ರ ಮಾತ್ರ ಒಮ್ಮೆ 9 ವರ್ಷಕ್ಕೇ ಮುಗಿದಿದೆ, ಒಮ್ಮೆ ಹದಿಮೂರೂವರೆ ವರ್ಷ ಎಳೆದಿದೆ. ಗುರುವಿನ ಸೆಳೆತಕ್ಕೆ ಸೂರ್ಯನ ಮೈ ಉಬ್ಬುವುದು ಒಂದು ಮಿಲಿಮೀಟರ್‌ಗೂ ಕಡಿಮೆ. ಶುಕ್ರ, ಭೂಮಿ, ಗುರು ಮೂರನ್ನೂ ಸೇರಿಸಿ ಹನ್ನೊಂದು ವರ್ಷದ ಲೆಕ್ಕ ತರುವ ಸಂಶೋಧಕರು ಈಗಲೂ ಇದ್ದಾರೆ. ನನಗಂತೂ ಆ ವಾದ ಒಪ್ಪಿಗೆ ಆಗಿಲ್ಲ.

ಹಾಗಾದರೆ ಕಾರಣ ಸೂರ್ಯನ ಒಳಗೇ ಇರಬೇಕು. ಅಲ್ಲಿಗೆ ಹೋಗುವ ಮೊದಲು ಕಲೆ ಅಂದರೆ ಏನು ಅಂತ ನೋಡಬೇಕು.

1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಎಲರಿ ಹೇಲ್ ಕಲೆಯಿಂದ ಬರುವ ಬೆಳಕನ್ನು ಬಿಡಿಸಿ ನೋಡಿದರು. ರೋಹಿತದಲ್ಲಿ ಒಂದು ಗೆರೆ ಇರಬೇಕಾದ ಕಡೆ ಗೆರೆ ಸೀಳಿಕೊಂಡಿತ್ತು. ಬಲವಾದ ಕಾಂತಕ್ಷೇತ್ರ ಇದ್ದರೆ ಮಾತ್ರ ಹಾಗಾಗುತ್ತದೆ. ದೊಡ್ಡ ಕಲೆಯ ನಡುವೆ ಈ ಕ್ಷೇತ್ರ ಸುಮಾರು 3000 ಗಾಸ್ ಇರುತ್ತದೆ. ನಮ್ಮ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕ್ಷೇತ್ರ ಅರ್ಧ ಗಾಸ್ ಆಸುಪಾಸು. ಇಷ್ಟು ಗಟ್ಟಿಯಾದ ಕ್ಷೇತ್ರ ಒಂದು ಕಡೆ ಸೇರಿಕೊಂಡರೆ, ಒಳಗಿಂದ ಕುದ್ದು ಮೇಲೆ ಬರುವ ಬಿಸಿ ಅನಿಲಕ್ಕೆ ಅಲ್ಲಿ ಅಡ್ಡಿಯಾಗುತ್ತದೆ. ಕೆಳಗಿನ ಶಾಖ ಮೇಲೆ ಬರುವುದಿಲ್ಲ, ಆ ಜಾಗ ತಣ್ಣಗಾಗುತ್ತದೆ. ತಣ್ಣಗೆ ಅಂದರೂ ಸುಮಾರು 4000 ಡಿಗ್ರಿ! ಸುತ್ತಲಿನ ಮೇಲ್ಮೈ 5800 ಡಿಗ್ರಿ ಇರುವುದರಿಂದ ಅದರ ಪಕ್ಕದಲ್ಲಿ ಇದು ಕಪ್ಪಾಗಿ ಕಾಣುತ್ತದೆ, ಅಷ್ಟೇ.

ಆದ್ದರಿಂದ ಕಲೆ ಎಣಿಸುವುದು ಅಂದರೆ ಸೂರ್ಯನ ಒಳಗಿಂದ ಎಷ್ಟು ಕಾಂತಕ್ಷೇತ್ರ ಹೊರಗೆ ಬಂತು ಅಂತ ಎಣಿಸುವುದು. ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಇಟ್ಟುಕೊಳ್ಳುತ್ತೇನೆ: ಈ ಕ್ಷೇತ್ರ ತಯಾರಾಗುವುದು ಹೇಗೆ, ಮತ್ತು ಯಾಕೆ ಒಂದೇ ಸಮನೆ ತಯಾರಾಗುವುದಿಲ್ಲ?

ಮಕ್ಕಳಿಗೆ ತೋರಿಸುವಂಥ ಒಂದು ಗುರುತಿದೆ. ನಾಸಾದ ಸೋಲಾರ್ ಡೈನಾಮಿಕ್ಸ್ ಅಬ್ಸರ್ವೇಟರಿ ಉಪಗ್ರಹ ದಿನವೂ ಸೂರ್ಯನ ಕಾಂತಚಿತ್ರ ಕಳಿಸುತ್ತದೆ. ಅಂತರ್ಜಾಲದಲ್ಲಿ `SDO HMI Magnetogram` ಅಂತ ಹುಡುಕಿದರೆ ಸಿಗುತ್ತದೆ. ಬೂದು ಬಣ್ಣದ ತಟ್ಟೆಯ ಮೇಲೆ ಬಿಳಿ ಮತ್ತು ಕಪ್ಪು ತೇಪೆಗಳು ಕಾಣುತ್ತವೆ. ಬಿಳಿ ಅಂದರೆ ಕ್ಷೇತ್ರ ನಮ್ಮ ಕಡೆಗೆ ಬರುತ್ತಿದೆ, ಕಪ್ಪು ಅಂದರೆ ಒಳಕ್ಕೆ ಹೋಗುತ್ತಿದೆ. ತೇಪೆಗಳು ಹೆಚ್ಚಾಗಿ ಜೋಡಿಯಾಗಿಯೇ ಇರುತ್ತವೆ, ಒಂದು ಬಿಳಿ, ಒಂದು ಕಪ್ಪು. ಒಳಗಿನಿಂದ ಎದ್ದ ಒಂದು ಕಾಂತಕೊಳವೆ ಕಮಾನಿನಂತೆ ಬಾಗಿ ಮೇಲ್ಮೈಯನ್ನು ಎರಡು ಕಡೆ ಸೀಳುತ್ತದೆ. ಹೊರಬಂದ ಕಡೆ ಒಂದು ತೇಪೆ, ಒಳಹೊಕ್ಕ ಕಡೆ ಇನ್ನೊಂದು.

2020ರಿಂದ ಈಚಿನ ಯಾವುದೇ ಚಿತ್ರ ತೆಗೆದುಕೊಳ್ಳಿ. ಅಂದರೆ 25ನೇ ಚಕ್ರದ್ದು. ಮೇಲಿನ ಅರ್ಧದಲ್ಲಿ, ಅಂದರೆ ಉತ್ತರ ಗೋಲಾರ್ಧದಲ್ಲಿ, ಬಹುಪಾಲು ಜೋಡಿಗಳಲ್ಲಿ ಬಲಗಡೆಯದು ಬಿಳಿ. ಕೆಳಗಿನ ಅರ್ಧದಲ್ಲಿ ಬಲಗಡೆಯದು ಕಪ್ಪು. ಈಗ 2012ರ ಅಥವಾ 2014ರ ಚಿತ್ರ ತೆಗೆಯಿರಿ. ಎಲ್ಲ ತಿರುವುಮುರುವು! ಉತ್ತರದಲ್ಲಿ ಬಲಗಡೆ ಕಪ್ಪು, ದಕ್ಷಿಣದಲ್ಲಿ ಬಿಳಿ. ಸೂರ್ಯ ಎಡದಿಂದ ಬಲಕ್ಕೆ ತಿರುಗುವುದರಿಂದ ಬಲಗಡೆಯದನ್ನು ಮುಂದಿನ ಕಲೆ ಅಂತಲೂ ಎಡಗಡೆಯದನ್ನು ಹಿಂದಿನ ಕಲೆ ಅಂತಲೂ ಕರೆಯುತ್ತಾರೆ. ಪ್ರತಿ ಚಕ್ರಕ್ಕೂ ಈ ಬಣ್ಣ ಅದಲುಬದಲಾಗುತ್ತದೆ. ಇದನ್ನೂ ಕಂಡುಹಿಡಿದವರು ಹೇಲ್ ಮತ್ತು ಅವರ ಜೊತೆಯವರು. ಕಲೆಗಳ ಲೆಕ್ಕಕ್ಕೆ ಚಕ್ರ 11 ವರ್ಷದ್ದು. ಕಾಂತಕ್ಷೇತ್ರ ಮೊದಲಿದ್ದ ಹಾಗೆಯೇ ಆಗಬೇಕಾದರೆ 22 ವರ್ಷ ಬೇಕು. ಬರೀ ಕಲೆ ಎಣಿಸುತ್ತಾ ಕೂತರೆ ಈ ಅರ್ಧ ಕಥೆ ತಪ್ಪಿಹೋಗುತ್ತದೆ.

ಈಗ ಒಳಗಿನ ಕೆಲಸಕ್ಕೆ ಬರೋಣ. ಕಲೆಗಳು ಕಡಿಮೆ ಇರುವ ಕಾಲದಲ್ಲಿ ಸೂರ್ಯನ ಕಾಂತಕ್ಷೇತ್ರ ಸುಮಾರಾಗಿ ಭೂಮಿಯದರ ಹಾಗೇ ಇರುತ್ತದೆ. ಒಂದು ಧ್ರುವದಿಂದ ಹೊರಟು ಇನ್ನೊಂದು ಧ್ರುವಕ್ಕೆ ಸೇರುವ ಗೆರೆಗಳು, ಉತ್ತರ-ದಕ್ಷಿಣವಾಗಿ. ಧ್ರುವದಲ್ಲಿ ಅದರ ಬಲ ಕೆಲವೇ ಗಾಸ್. ಸೂರ್ಯ ಗಟ್ಟಿ ಉಂಡೆ ಅಲ್ಲ, ಪ್ಲಾಸ್ಮಾ. ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ಇಂಥ ಪ್ಲಾಸ್ಮಾದಲ್ಲಿ ಕಾಂತಗೆರೆಗಳು ಅಂಟಿಕೊಂಡೇ ಇರುತ್ತವೆ. ಪ್ಲಾಸ್ಮಾ ಎಲ್ಲಿಗೆ ಹೋದರೆ ಗೆರೆಯೂ ಅಲ್ಲಿಗೆ.

ಗಟ್ಟಿ ಅಲ್ಲದ್ದರಿಂದ ಎಲ್ಲ ಕಡೆ ಒಂದೇ ವೇಗದಲ್ಲಿ ತಿರುಗಬೇಕು ಅಂತಲೂ ಇಲ್ಲ. ಸಮಭಾಜಕದ ಹತ್ತಿರ ಸೂರ್ಯ ಸುಮಾರು 25 ದಿನಕ್ಕೆ ಒಂದು ಸುತ್ತು ಬರುತ್ತಾನೆ. 60 ಡಿಗ್ರಿ ಅಕ್ಷಾಂಶದಲ್ಲಿ 30 ದಿನ ಬೇಕು. 150 ದಿನ ಕಳೆದರೆ ಸಮಭಾಜಕ ಆರು ಸುತ್ತು ಮುಗಿಸಿರುತ್ತದೆ, 60 ಡಿಗ್ರಿಯವರು ಐದು ಸುತ್ತು. ಉತ್ತರ-ದಕ್ಷಿಣವಾಗಿ ನೆಟ್ಟಗಿದ್ದ ಗೆರೆಯ ಮಧ್ಯಭಾಗ ಐದೇ ತಿಂಗಳಲ್ಲಿ ಒಂದು ಪೂರ್ತಿ ಸುತ್ತು ಮುಂದೆ ಹೋಗಿಬಿಟ್ಟಿದೆ! ರಾಟೆಗೆ ನೂಲು ಸುತ್ತಿಕೊಂಡ ಹಾಗೆ ಗೆರೆ ಸೂರ್ಯನ ಹೊಟ್ಟೆಯ ಸುತ್ತ ಪೂರ್ವ-ಪಶ್ಚಿಮವಾಗಿ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಕೆಲವೇ ಗಾಸ್ ಇದ್ದ ಕ್ಷೇತ್ರ ಒಳಗೊಳಗೇ ಸಾವಿರಾರು ಪಟ್ಟು ಬಲವಾಗುತ್ತದೆ. ಶಕ್ತಿ ಎಲ್ಲಿಂದ ಬಂತು? ಸೂರ್ಯನ ತಿರುಗಾಟದಿಂದಲೇ.

ಬಲವಾದ ಕಾಂತಕ್ಷೇತ್ರಕ್ಕೆ ತನ್ನದೇ ಒತ್ತಡ ಇರುತ್ತದೆ. ಆ ಒತ್ತಡ ಒಳಗಿನ ಅನಿಲವನ್ನು ಹೊರದಬ್ಬುತ್ತದೆ. ಹಾಗಾಗಿ ಗಟ್ಟಿ ಕಾಂತಕೊಳವೆ ಸುತ್ತಲಿನ ಪ್ಲಾಸ್ಮಾಕ್ಕಿಂತ ಹಗುರವಾಗಿ ಮೇಲಕ್ಕೆ ಏಳುತ್ತದೆ. ಇದನ್ನು 1955ರಲ್ಲಿ ಯೂಜೀನ್ ಪಾರ್ಕರ್ ತೋರಿಸಿದರು. ಎದ್ದ ಕಮಾನು ಮೇಲ್ಮೈ ಸೀಳಿದರೆ ಆಗಲೇ ಹೇಳಿದ ಜೋಡಿ ಕಲೆ ಹುಟ್ಟಿತು. ಉತ್ತರದಲ್ಲಿ ಗೆರೆ ಸುತ್ತಿಕೊಳ್ಳುವ ದಿಕ್ಕಿಗೆ ದಕ್ಷಿಣದಲ್ಲಿ ಸುತ್ತಿಕೊಳ್ಳುವ ದಿಕ್ಕು ವಿರುದ್ಧ. ಅದಕ್ಕೇ ಎರಡು ಗೋಲಾರ್ಧಗಳಲ್ಲಿ ಬಿಳಿ-ಕಪ್ಪು ಅದಲುಬದಲು. ಚಕ್ರದ ಶುರುವಿನಲ್ಲಿ ಕಲೆಗಳು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಏಳುತ್ತವೆ. ವರ್ಷ ಕಳೆದ ಹಾಗೆ ಹೊಸ ಕಲೆಗಳು ಸಮಭಾಜಕಕ್ಕೆ ಹತ್ತಿರ ಹತ್ತಿರ ಹುಟ್ಟುತ್ತವೆ.

ಇಲ್ಲಿಗೆ ಅರ್ಧ ಆಯಿತು. ಇಷ್ಟೇ ಆಗಿದ್ದರೆ ಗೆರೆ ಸುತ್ತಿಕೊಂಡು, ಕಲೆ ಎದ್ದು, ಒಂದೇ ಸಲಕ್ಕೆ ಕಥೆ ಮುಗಿಯಬೇಕಿತ್ತು. ಮುಂದಿನ ಚಕ್ರಕ್ಕೆ ಮತ್ತೆ ಉತ್ತರ-ದಕ್ಷಿಣದ ಕ್ಷೇತ್ರ ಬೇಕಲ್ಲ, ಅದನ್ನು ಯಾರು ಕೊಡುತ್ತಾರೆ? ಸೌರಭೌತವಿಜ್ಞಾನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಉತ್ತರ ಒಂದು ಸಣ್ಣ ಓರೆಯಲ್ಲಿದೆ.

ಕಾಂತಚಿತ್ರದ ಜೋಡಿಗಳನ್ನು ಇನ್ನೊಮ್ಮೆ, ಸ್ವಲ್ಪ ಸೂಕ್ಷ್ಮವಾಗಿ ನೋಡಿ. ಎರಡು ತೇಪೆಗಳೂ ಒಂದೇ ಅಕ್ಷಾಂಶದಲ್ಲಿ ಇರುವುದಿಲ್ಲ. ಬಲಗಡೆಯದು, ಅಂದರೆ ಮುಂದಿನದು, ಸಮಭಾಜಕಕ್ಕೆ ತುಸು ಹತ್ತಿರ. ಹಿಂದಿನದು ಧ್ರುವದ ಕಡೆಗೆ ತುಸು ಮೇಲೆ. ಓರೆ ಹೆಚ್ಚೇನಲ್ಲ, ಸರಾಸರಿ ಕೆಲವು ಡಿಗ್ರಿ. ಮೇಲೆ ಏಳುವ ಕೊಳವೆಯನ್ನು ಸೂರ್ಯನ ತಿರುಗಾಟ ಸ್ವಲ್ಪ ತಿರುಚುತ್ತದೆ. ಚಂಡಮಾರುತವನ್ನು ಸುತ್ತಿಸುವ ಕೊರಿಯೊಲಿಸ್ ಬಲವೇ ಇಲ್ಲಿಯೂ ಕೆಲಸ ಮಾಡುವುದು. ಈ ಓರೆಯನ್ನು ಅಳೆಯಲು ಬಳಕೆಯಾದ ಒಳ್ಳೆಯ ದಾಖಲೆಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಕೊಡೈಕನಾಲ್ ವೀಕ್ಷಣಾಲಯ 1904ರಿಂದ ಸೂರ್ಯನ ಫೋಟೋ ತೆಗೆಯುತ್ತಾ ಬಂದಿದೆ. ಈಗ ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೈಯಲ್ಲಿದೆ. ಆ ಗಾಜಿನ ಫಲಕಗಳ ಮೇಲೆ ಕಲೆಗಳನ್ನು ಒಂದೊಂದಾಗಿ ಗುರುತಿಸಿ ಓರೆ ಅಳೆದಿದ್ದಾರೆ.

ಕಲೆಗಳ ಆಯುಷ್ಯ ಕೆಲವು ದಿನದಿಂದ ಕೆಲವು ವಾರ. ಆಮೇಲೆ ಒಡೆದು ಚದುರುತ್ತವೆ. ಕಣ್ಣಿಗೆ ಕಾಣುವ ಕಪ್ಪು ಹೋದರೂ ಅದರಲ್ಲಿದ್ದ ಕಾಂತಕ್ಷೇತ್ರ ಚೂರುಚೂರಾಗಿ ಉಳಿಯುತ್ತದೆ. ಮುಂದಿನ ಕಲೆಯ ಚೂರುಗಳು ಸಮಭಾಜಕಕ್ಕೆ ಹತ್ತಿರ ಇದ್ದವಲ್ಲ, ಅವುಗಳಲ್ಲಿ ಕೆಲವು ಸಮಭಾಜಕ ದಾಟಿ ಆಚೆ ಕಡೆಯ ವಿರುದ್ಧ ಬಣ್ಣದ ಚೂರುಗಳ ಜೊತೆ ಸೇರಿ ಅಳಿಸಿಹೋಗುತ್ತವೆ. ಹಿಂದಿನ ಕಲೆಯ ಚೂರುಗಳು ಲೆಕ್ಕಕ್ಕೆ ಜಾಸ್ತಿ ಉಳಿಯುತ್ತವೆ. ಸೂರ್ಯನ ಮೇಲ್ಮೈಯಲ್ಲಿ ಸಮಭಾಜಕದಿಂದ ಧ್ರುವದ ಕಡೆಗೆ ಒಂದು ನಿಧಾನವಾದ ಹರಿವು ಇದೆ. ಅದು ಈ ಚೂರುಗಳನ್ನು ಹೊತ್ತುಕೊಂಡು ಹೋಗುತ್ತದೆ. ಅದರ ವೇಗ ಸೆಕೆಂಡಿಗೆ 10ರಿಂದ 20 ಮೀಟರ್. 10 ಮೀಟರ್ ಅಂತಲೇ ಹಿಡಿಯೋಣ. ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿಲೋಮೀಟರ್. 30 ಡಿಗ್ರಿಯಿಂದ 75 ಡಿಗ್ರಿಗೆ ಹೋಗಲು ಹತ್ತಿರ ಹತ್ತಿರ ಐದೂವರೆ ಲಕ್ಷ ಕಿಲೋಮೀಟರ್ ದಾರಿ. ಭಾಗಿಸಿ ನೋಡಿದರೆ ಒಂದೂಮುಕ್ಕಾಲು ವರ್ಷ ಬರುತ್ತದೆ.

ಧ್ರುವ ತಲುಪಿದ ಚೂರುಗಳ ಬಣ್ಣ ಅಲ್ಲಿ ಮೊದಲಿದ್ದ ಕ್ಷೇತ್ರಕ್ಕೆ ವಿರುದ್ಧ. ಮೊದಲು ಬಂದವು ಹಳೆಯದನ್ನು ಅಳಿಸುತ್ತವೆ, ಆಮೇಲೆ ಬಂದವು ಹೊಸದನ್ನು ಕಟ್ಟುತ್ತವೆ. ಕಲೆಗಳು ಅತಿ ಹೆಚ್ಚು ಇರುವ ಹೊತ್ತಿನ ಆಸುಪಾಸಿನಲ್ಲಿ ಧ್ರುವಗಳು ತಿರುಗಿ ಬೀಳುತ್ತವೆ. ಇದನ್ನು ಮೊದಲ ಸಲ ಕಣ್ಣಾರೆ ಕಂಡದ್ದು 1957 ಮತ್ತು 1958ರಲ್ಲಿ, ಅಪ್ಪ-ಮಗ ಇಬ್ಬರು ಬ್ಯಾಬ್‌ಕಾಕ್‌ಗಳು. ದಕ್ಷಿಣ ಧ್ರುವ ಮೊದಲು ತಿರುಗಿತು, ಉತ್ತರ ಮರುವರ್ಷ. ಹೀಗೆ ಕಟ್ಟಿದ ಹೊಸ ಧ್ರುವ ಕ್ಷೇತ್ರವನ್ನು ಸೂರ್ಯನ ತಿರುಗಾಟ ಮತ್ತೆ ಸುತ್ತುತ್ತದೆ, ಈ ಸಲ ವಿರುದ್ಧ ದಿಕ್ಕಿನ ಗೆರೆ. ಬಿಳಿ-ಕಪ್ಪು ಅದಲುಬದಲಾಗಿದ್ದು ಇದಕ್ಕೇ. ಮಗ ಹೊರೇಸ್ ಬ್ಯಾಬ್‌ಕಾಕ್ 1961ರಲ್ಲಿ ಈ ಇಡೀ ಸರಪಳಿಯನ್ನು ಜೋಡಿಸಿ ಬರೆದರು. ರಾಬರ್ಟ್ ಲೇಟನ್ ಅದಕ್ಕೆ ಗಣಿತ ಕೊಟ್ಟರು.

ಅಂದರೆ ಕಲೆಗಳು ಈ ಯಂತ್ರದ ಬರೀ ಲಕ್ಷಣ ಅಲ್ಲ, ಅದರ ಒಂದು ಭಾಗ. ಧ್ರುವದ ಕ್ಷೇತ್ರ ಕಲೆಗಳನ್ನು ಮಾಡುತ್ತದೆ, ಕಲೆಗಳು ಮುಂದಿನ ಧ್ರುವದ ಕ್ಷೇತ್ರ ಮಾಡುತ್ತವೆ.

ಇದೆಲ್ಲ ಹನ್ನೊಂದೇ ವರ್ಷ ಯಾಕೆ ಅಂತ ಕೇಳಿದಿರಿ. ಈ ಒಂದು ಕಡೆ ನನ್ನ ಉತ್ತರ ಅಷ್ಟು ಗಟ್ಟಿ ಇಲ್ಲ. ಮೇಲ್ಮೈಯಲ್ಲಿ ಧ್ರುವಕ್ಕೆ ಹೋದ ಹರಿವು ಎಲ್ಲೋ ಆಳದಲ್ಲಿ ಸಮಭಾಜಕಕ್ಕೆ ವಾಪಸ್ ಬರಲೇಬೇಕು. ಆಳದಲ್ಲಿ ಪ್ಲಾಸ್ಮಾ ತುಂಬಾ ದಟ್ಟ, ಹಾಗಾಗಿ ಅಲ್ಲಿ ಹರಿವು ಬಹಳ ನಿಧಾನ, ಸೆಕೆಂಡಿಗೆ ಒಂದೆರಡು ಮೀಟರ್ ಇರಬಹುದು. ಈ ಪೂರ್ತಿ ಸುತ್ತಿನ ವೇಗವೇ ಚಕ್ರದ ಅವಧಿಯನ್ನು ನಿಗದಿ ಮಾಡುತ್ತದೆ ಅನ್ನುವುದು ಒಂದು ಬಲವಾದ ವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ನಬ್ ರಾಯ್ ಚೌಧುರಿ, ಮನ್‌ಫ್ರೆಡ್ ಶುಸ್ಲರ್, ಮೌಸುಮಿ ದಿಕ್‌ಪತಿ, ಈ ಮೂವರು 1995ರಲ್ಲಿ ಇಂಥ ಮಾದರಿಯನ್ನು ಮಾಡಿ ತೋರಿಸಿದರು. ಕಲೆಗಳು ವರ್ಷ ಕಳೆದಂತೆ ಸಮಭಾಜಕದ ಕಡೆ ಇಳಿಯುವುದಕ್ಕೂ ಇದರಿಂದ ಕಾರಣ ಸಿಗುತ್ತದೆ. ತೊಡಕು ಏನಪ್ಪಾ ಅಂದರೆ ಆಳದ ಹರಿವನ್ನು ಸೂರ್ಯನ ಕಂಪನಗಳಿಂದ ಅಳೆಯಬೇಕು, ಆ ಅಳತೆಗಳು ಇನ್ನೂ ಒಂದಕ್ಕೊಂದು ಪೂರ್ತಿ ಹೊಂದುತ್ತಿಲ್ಲ. ಕಾಂತಗೆರೆ ಸುತ್ತಿಕೊಳ್ಳುವುದು ಎರಡು ಲಕ್ಷ ಕಿಲೋಮೀಟರ್ ಆಳದಲ್ಲೋ ಅಥವಾ ಮೇಲ್ಮೈಗೆ ಹತ್ತಿರವೋ ಅನ್ನುವ ಜಗಳವೂ ಮುಗಿದಿಲ್ಲ.

ಮುನ್ಸೂಚನೆಯ ವಿಷಯಕ್ಕೆ ಬಂದರೆ ನೆಲ ಸ್ವಲ್ಪ ಗಟ್ಟಿ. ಸರಪಳಿ ನಿಜವಾಗಿದ್ದರೆ, ಕಲೆಗಳು ಕಡಿಮೆ ಇರುವ ಕಾಲದಲ್ಲಿ ಧ್ರುವದ ಕ್ಷೇತ್ರ ಅಳೆದರೆ ಮುಂದಿನ ಚಕ್ರ ಎಷ್ಟು ಜೋರು ಅಂತ ನಾಲ್ಕೈದು ವರ್ಷ ಮೊದಲೇ ಹೇಳಬಹುದು. ಇದಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 24ನೇ ಚಕ್ರದಲ್ಲಿ.

2006ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿದ್ದ ದಿಕ್‌ಪತಿ ಮತ್ತು ಅವರ ಸಹೋದ್ಯೋಗಿಗಳು 24ನೇ ಚಕ್ರ ಹಿಂದಿನದಕ್ಕಿಂತ ಶೇಕಡಾ 30ರಿಂದ 50ರಷ್ಟು ಜೋರಾಗಿರುತ್ತದೆ ಅಂದರು. ಮರುವರ್ಷ ಬೆಂಗಳೂರಿನಿಂದ ಚೌಧುರಿ, ಪಿಯಾಲಿ ಚಟರ್ಜಿ ಮತ್ತು ಚೀನಾದ ಜಿಯೆ ಜಿಯಾಂಗ್ ಪೂರ್ತಿ ಉಲ್ಟಾ ಹೇಳಿದರು: ಶೇಕಡಾ 35ರಷ್ಟು ಕಡಿಮೆ ಆಗುತ್ತದೆ ಅಂತ. ಇದರಲ್ಲಿ ಒಂದು ಸ್ವಾರಸ್ಯ ಇದೆ. ದಿಕ್‌ಪತಿ ಪಿಎಚ್‌ಡಿ ಮಾಡಿದ್ದು ಬೆಂಗಳೂರಿನಲ್ಲೇ, ಚೌಧುರಿ ಅವರ ಬಳಿ. ಎರಡೂ ಕಡೆಯವರು ಬಳಸಿದ್ದು ಒಂದೇ ಬಗೆಯ ಮಾದರಿ.

ಒಂದೇ ಮಾದರಿ ಎರಡು ಉತ್ತರ ಕೊಟ್ಟಿದ್ದು ಹೇಗೆ? ಧ್ರುವದ ಕ್ಷೇತ್ರ ಆಳಕ್ಕೆ ಇಳಿಯಲು ಎಷ್ಟು ಕಾಲ ಬೇಕು ಅನ್ನುವುದರಲ್ಲಿತ್ತು ವ್ಯತ್ಯಾಸ. ಸೂರ್ಯನ ಒಳಗಿನ ಕುದಿತ ಕಾಂತಕ್ಷೇತ್ರವನ್ನು ಸುತ್ತಲೂ ಹರಡುತ್ತದೆ. ಬೋಲ್ಡರ್‌ನವರು ಈ ಹರಡುವಿಕೆ ಕಡಿಮೆ ಅಂತ ಇಟ್ಟುಕೊಂಡರು. ಆಗ ಕ್ಷೇತ್ರವನ್ನು ಹೊತ್ತುಕೊಂಡು ಹೋಗುವ ಕೆಲಸ ಆ ನಿಧಾನವಾದ ಹರಿವಿನದ್ದೇ. ಕೆಳಗೆ ಮುಟ್ಟಲು 20 ವರ್ಷದ ಆಸುಪಾಸು ಬೇಕು. ಹಾಗಾದರೆ ಸೂರ್ಯನಿಗೆ ಎರಡು ಮೂರು ಚಕ್ರಗಳ ಹಿಂದಿನದೂ ನೆನಪಿರುತ್ತದೆ. 21 ಮತ್ತು 22ನೇ ಚಕ್ರಗಳು ಜೋರಾಗಿದ್ದವು, ಹಾಗಾಗಿ ಲೆಕ್ಕದಲ್ಲಿ 24 ಕೂಡ ಜೋರು ಬಂತು. ಬೆಂಗಳೂರಿನವರು ಹರಡುವಿಕೆ ಜಾಸ್ತಿ ಅಂತ ಇಟ್ಟರು. ಕ್ಷೇತ್ರ ಐದಾರು ವರ್ಷದಲ್ಲೇ ನೇರ ಕೆಳಗೆ ಇಳಿಯುತ್ತದೆ, ಸೂರ್ಯನಿಗೆ ಒಂದೇ ಚಕ್ರದ ನೆನಪು. 23ರ ಕೊನೆಯಲ್ಲಿ ಧ್ರುವದ ಕ್ಷೇತ್ರ ಅದರ ಹಿಂದಿನ ಸಲಕ್ಕಿಂತ ತುಂಬಾ ದುರ್ಬಲವಾಗಿತ್ತು. ಅದು ನೇರವಾಗಿ 24ಕ್ಕೆ ಹೋಗಿ ಮುಟ್ಟುತ್ತದೆ. ಇದೇ ಧ್ರುವದ ಅಳತೆ ನೋಡಿ, ಯಾವ ದೊಡ್ಡ ಮಾದರಿಯೂ ಇಲ್ಲದೆ, ಲೀಫ್ ಸ್ವಾಲ್‌ಗಾರ್ಡ್ ಮತ್ತು ಜೊತೆಯವರು 2005ರಲ್ಲೇ 24ರ ಶಿಖರ 75 ಆಸುಪಾಸು ಅಂದಿದ್ದರು.

ಈ 75 ಯಾವ ಲೆಕ್ಕ ಅಂದರೆ, 19ನೇ ಶತಮಾನದಲ್ಲಿ ರುಡಾಲ್ಫ್ ವುಲ್ಫ್ ಮಾಡಿದ ಸೂತ್ರ:

R = k(10g + s)

ಇಲ್ಲಿ g ಗುಂಪುಗಳ ಸಂಖ್ಯೆ, s ಬಿಡಿ ಕಲೆಗಳ ಸಂಖ್ಯೆ. k ಅನ್ನುವುದು ದೂರದರ್ಶಕಕ್ಕೂ ನೋಡುವವರಿಗೂ ತಕ್ಕಂತೆ ಮಾಡುವ ತಿದ್ದುಪಡಿ. ಮೂರು ಗುಂಪು, ಒಟ್ಟು 12 ಕಲೆ ಕಂಡರೆ, k ಒಂದು ಅಂತ ಹಿಡಿದರೆ, ಅವತ್ತಿನ ಸಂಖ್ಯೆ 42. 2015ರಲ್ಲಿ ಈ ಪಟ್ಟಿಯನ್ನೆಲ್ಲ ಪರಿಷ್ಕರಿಸಿ ಸಂಖ್ಯೆಗಳನ್ನು ಎತ್ತರಿಸಿದ್ದಾರೆ, ಹಾಗಾಗಿ ಹಳೆಯ ಮತ್ತು ಹೊಸ ಅಂಕಿಗಳನ್ನು ಕಲಸಬಾರದು. ಅಂತರ್ಜಾಲದಲ್ಲಿ ಈ ಗೊಂದಲ ವಿಪರೀತ.

ಆಮೇಲೆ ಆಗಿದ್ದು ಇಷ್ಟು. 2008ರ ಜನವರಿ 4ರಂದು ಉತ್ತರ ಗೋಲಾರ್ಧದಲ್ಲಿ 30 ಡಿಗ್ರಿ ಹತ್ತಿರ ಒಂದು ಪುಟ್ಟ ಗುಂಪು ಎದ್ದಿತು. ಅದರ ನಂಬರು 10981. ಅದರ ಬಿಳಿ-ಕಪ್ಪು ಹಳೆಯದಕ್ಕೆ ಉಲ್ಟಾ ಇತ್ತು. ಎತ್ತರದ ಅಕ್ಷಾಂಶ, ತಿರುಗಿದ ಬಣ್ಣ, ಎರಡೂ ಇದ್ದದ್ದರಿಂದ ಅದನ್ನು 24ನೇ ಚಕ್ರದ ಮೊದಲ ಕಲೆ ಅಂತ ಗುರುತಿಸಿದರು. ಆದರೂ ಆ ವರ್ಷದ ಮುಕ್ಕಾಲು ಭಾಗ ದಿನ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ಕನಿಷ್ಠ ಬಿಂದು ಬಂದಿದ್ದೇ 2008ರ ಡಿಸೆಂಬರಿನಲ್ಲಿ. ಹಳೆ ಚಕ್ರ ಮುಗಿಯುವ ಮೊದಲೇ ಹೊಸದು ತಲೆಹಾಕುವುದು ಮಾಮೂಲು. 24ರ ಶಿಖರ 2014ರ ಏಪ್ರಿಲ್‌ನಲ್ಲಿ ಬಂತು. ಹಳೆಯ ಅಳತೆಯಲ್ಲಿ 23ರ ಶಿಖರ ಸುಮಾರು 121, 24ರದು 82. ಶೇಕಡಾ 32 ಇಳಿಕೆ. ಬೆಂಗಳೂರಿನವರ 35ಕ್ಕೆ ಎಷ್ಟು ಹತ್ತಿರ ನೋಡಿ!

ಇಲ್ಲಿ ಚೌಧುರಿಯವರ ಗುಂಪು ಗೆದ್ದಿತು ಅಂತ ಬರೆದು ಮುಗಿಸಬಹುದು, ಪತ್ರಿಕೆಗಳಲ್ಲಿ ಹಾಗೇ ಬಂದಿದ್ದೂ ಇದೆ. ನನ್ನ ಪ್ರಕಾರ ನಿಜವಾಗಿ ಗೆದ್ದದ್ದು ಧ್ರುವದ ಅಳತೆ. ಅವರ ಮಾದರಿಗೂ ಆ ಅಳತೆಯನ್ನೇ ತುಂಬಿದ್ದರು. ಸೂರ್ಯನ ನೆನಪು ಗಿಡ್ಡ ಅನ್ನುವುದು ಇದರಿಂದ ಗಟ್ಟಿಯಾಯಿತು. ಎರಡು ಚಕ್ರ ಮುಂದಕ್ಕೆ, ಮೂರು ಚಕ್ರ ಮುಂದಕ್ಕೆ ಭವಿಷ್ಯ ಹೇಳುವವರನ್ನು ನಾನು ನಂಬದಿರುವುದಕ್ಕೂ ಇದೇ ಕಾರಣ.

ಇನ್ನೊಂದು ಕೊಂಡಿ ಉಳಿದಿದೆ. 23ನೇ ಚಕ್ರ ತಕ್ಕಮಟ್ಟಿಗೆ ಜೋರಾಗಿಯೇ ಇತ್ತು. ಅದು ಬಿಟ್ಟುಹೋದ ಧ್ರುವದ ಕ್ಷೇತ್ರ ಮಾತ್ರ ಯಾಕೆ ಅಷ್ಟು ಸೊರಗಿತು? ಉತ್ತರ ಮತ್ತೆ ಆ ಓರೆಯಲ್ಲೇ. ಓರೆ ಕೆಲವು ಡಿಗ್ರಿ ಅನ್ನುವುದು ಸರಾಸರಿ ಮಾತ್ರ. ಏಳುವ ಕೊಳವೆ ದಾರಿಯಲ್ಲಿ ಕುದಿಯುವ ಪ್ಲಾಸ್ಮಾದ ಹೊಡೆತ ತಿನ್ನುತ್ತಾ ಬರುತ್ತದೆ. ಹಾಗಾಗಿ ಬಿಡಿ ಬಿಡಿಯಾಗಿ ನೋಡಿದರೆ ಓರೆ ಹೇಗೆಂದರೆ ಹಾಗಿರುತ್ತದೆ. ಕೆಲವು ಗುಂಪುಗಳು ಉಲ್ಟಾ ವಾಲಿರುತ್ತವೆ. ಇಂಥವು ಧ್ರುವದ ಕ್ಷೇತ್ರ ಕಟ್ಟುವ ಬದಲು ಕೆಡವುತ್ತವೆ. ಒಂದು ಧ್ರುವದಲ್ಲಿರುವ ಒಟ್ಟು ಕಾಂತಕ್ಷೇತ್ರದ ಪ್ರಮಾಣ ಒಂದೆರಡು ದೊಡ್ಡ ಕಲೆಗುಂಪಿನಲ್ಲಿರುವಷ್ಟೇ. ಚಕ್ರ ಪೂರ್ತಿ ಏಳುವ ಸಾವಿರಾರು ಗುಂಪುಗಳಲ್ಲಿ ಬಹುಪಾಲು ತಮ್ಮತಮ್ಮಲ್ಲೇ ಅಳಿಸಿಹೋಗಿ, ಕೊನೆಗೆ ಧ್ರುವಕ್ಕೆ ದಕ್ಕುವುದು ಚಿಕ್ಕ ಪಾಲು. ಹಾಗಾಗಿ ಸಮಭಾಜಕದ ಹತ್ತಿರ ಕೆಲವೇ ದೊಡ್ಡ ಗುಂಪುಗಳು ಅಡ್ಡದಾರಿ ಹಿಡಿದರೂ ಮುಂದಿನ ಚಕ್ರವೇ ಸೊರಗುತ್ತದೆ. 2015ರಲ್ಲಿ ಜಿಯಾಂಗ್, ರಾಬರ್ಟ್ ಕ್ಯಾಮೆರಾನ್ ಮತ್ತು ಶುಸ್ಲರ್ 23ನೇ ಚಕ್ರದ ಗುಂಪುಗಳನ್ನು ಲೆಕ್ಕಕ್ಕೆ ಹಾಕಿ ನೋಡಿದಾಗ ಕಂಡದ್ದು ಇದೇ. ಚಕ್ರಗಳು ಯಾಕೆ ಒಂದರಂತೆ ಒಂದಿಲ್ಲ ಅಂದರೆ, ಇದು ಅದರ ದೊಡ್ಡ ಕಾರಣ.

ಹಾಗಂತ ಈ ದಾರಿ ಪ್ರತಿಸಲವೂ ನಿಖರವಾಗಿ ಕೂರುವುದಿಲ್ಲ. 2019ರಲ್ಲಿ ಧ್ರುವದ ಕ್ಷೇತ್ರ 2008ರದಕ್ಕಿಂತ ಸ್ವಲ್ಪ ಮಾತ್ರ ಬಲವಾಗಿತ್ತು. ಕೋಲ್ಕತ್ತಾದ ಐಸರ್‌ನ ಪ್ರಾಂತಿಕಾ ಭೌಮಿಕ್ ಮತ್ತು ದಿವ್ಯೇಂದು ನಂದಿ 25ನೇ ಚಕ್ರ 24ರಷ್ಟೇ ಅಥವಾ ತುಸು ಹೆಚ್ಚು ಇರುತ್ತದೆ ಅಂದಿದ್ದರು. ಅಂತರರಾಷ್ಟ್ರೀಯ ಸಮಿತಿ 2025ರ ಜುಲೈ ಹೊತ್ತಿಗೆ ಶಿಖರ ಬರುತ್ತದೆ, ಅದು 115 ಇರುತ್ತದೆ ಅಂದಿತ್ತು. ಇದು ಹೊಸ ಅಳತೆ, ಇದರಲ್ಲಿ 24ರ ಶಿಖರ 116. ಆಗಿದ್ದು 2024ರ ಅಕ್ಟೋಬರ್ ಹೊತ್ತಿಗೆ 160ರ ಆಸುಪಾಸು. ದಿಕ್ಕು ಸರಿ, ಎತ್ತರ ಕಡಿಮೆ ಹೇಳಿದರು. ಇನ್ನೊಂದು ಗುಂಪು ಬೇರೆ ದಾರಿಯಲ್ಲಿ ಲೆಕ್ಕ ಹಾಕಿ 230 ದಾಟುತ್ತದೆ ಅಂದಿತ್ತು. ಅದು ಇನ್ನೂ ದೂರ ಹೋಯಿತು. 2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿದ್ದು ನೆನಪಿರಬಹುದು. ಅದು ಈ ಚಕ್ರದ ಶಿಖರದ ಹೊತ್ತಿನದೇ, 13664 ಅನ್ನುವ ಒಂದೇ ಗುಂಪಿನ ಕೆಲಸ. ಚಕ್ರ ಒಟ್ಟಾರೆ ಎಷ್ಟು ಜೋರು ಅಂತ ಹೇಳಬಹುದೇ ಹೊರತು, ಇಂಥ ಗುಂಪು ಯಾವ ತಿಂಗಳು ಏಳುತ್ತದೆ ಅಂತ ಯಾವ ಧ್ರುವದ ಅಳತೆಯೂ ಹೇಳುವುದಿಲ್ಲ.

26ರ ಬಗ್ಗೆ ಈಗಲೇ ಅಂಕಿ ಕೊಟ್ಟರೆ ನಂಬಬೇಡಿ. 25ರ ಇಳಿಗಾಲದಲ್ಲಿ ಸಮಭಾಜಕದ ಹತ್ತಿರ ಏಳುವ ಗುಂಪುಗಳು ಯಾವ ಕಡೆ ವಾಲುತ್ತವೆ ಅನ್ನುವುದು ಇನ್ನೂ ತೀರ್ಮಾನ ಆಗಬೇಕು. ಧ್ರುವದ ಕ್ಷೇತ್ರ ಪೂರ್ತಿ ಕಟ್ಟಿ ನಿಲ್ಲುವುದು ಮುಂದಿನ ಕನಿಷ್ಠದ ಹೊತ್ತಿಗೆ, ಅಂದರೆ ಈ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ನಿಮ್ಮ ಮಕ್ಕಳು ತಿಂಗಳಿಗೊಂದು ಕಾಂತಚಿತ್ರ ಇಳಿಸಿಕೊಂಡು, ಗುಂಪುಗಳ ಅಕ್ಷಾಂಶವನ್ನೂ ಬಲಗಡೆಯ ಬಣ್ಣವನ್ನೂ ಬರೆದಿಡಲಿ. ದೂರದರ್ಶಕದಲ್ಲಿ ನೇರ ಸೂರ್ಯನನ್ನು ನೋಡುವ ಸಾಹಸ ಖಂಡಿತ ಬೇಡ. ಉತ್ತರದಲ್ಲಿ 30 ಡಿಗ್ರಿ ಹತ್ತಿರ, ಬಲಗಡೆ ಕಪ್ಪು ಇರುವ ಜೋಡಿ ಒಂದು ಕಂಡರೆ ಅದು ಅಡ್ಡದಾರಿ ಹಿಡಿದ ಜೋಡಿ ಇರಬಹುದು. ಅಂಥವು ಮೇಲಿಂದ ಮೇಲೆ ಬರತೊಡಗಿದರೆ ಅವು 26ನೇ ಚಕ್ರದವು.